ಅಪ್‌ಡೇಟ್: ಸೋಲಾರ್ ಕರಪತ್ರದ ಚಿತ್ರ, ಬಕೆಟ್ ಲೆಕ್ಕದಲ್ಲಿ

ನಾನು ಕೇಳಿದ್ದು: "ಮಂಡ್ಯದ ಡೀಲರ್ ಒಬ್ಬರ ಕರಪತ್ರಕ್ಕೆ ಸೋಲಾರ್ ವಾಟರ್ ಹೀಟರ್ ಉಳಿತಾಯದ ಚಿತ್ರ ಮಾಡುತ್ತಿದ್ದೇನೆ. ಮೂರು ವರ್ಷಕ್ಕೆ ದುಡ್ಡು ವಾಪಸ್ ಅಂತ ಬರುತ್ತಿದೆ. ಲೆಕ್ಕ ಸರಿಯಾ?"

ಸರಿಯಿರಲಿಲ್ಲ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 4 ಯೂನಿಟ್ ಬೇಕು, ಅದು ನಿಜ. ಆದರೆ ಇಡೀ ಟ್ಯಾಂಕ್ 365 ದಿನವೂ ಖಾಲಿಯಾಗುತ್ತದೆ ಅಂತ ಹಿಡಿದಿದ್ದೆ. ಯಾರ ಮನೆಯಲ್ಲಿ ಹಾಗೆ ಆಗುತ್ತೆ?

ಈಗ ಬಕೆಟ್‌ನಿಂದ ಶುರು ಮಾಡಿದ್ದೇನೆ. 15 ಲೀಟರ್ ಬಕೆಟ್ ನೀರು 40 ಡಿಗ್ರಿಗೆ ಬರಲು ಕಾಲು ಯೂನಿಟ್‌ಗಿಂತ ತುಸು ಜಾಸ್ತಿ. ನಾಲ್ಕು ಜನ, ತಲೆಗೆ ಎರಡು ಬಕೆಟ್ ಅಂದರೆ ದಿನಕ್ಕೆ 2 ಯೂನಿಟ್. ಮೋಡದ ದಿನ ಕಳೆದು ವರ್ಷಕ್ಕೆ 300 ದಿನ ಹಿಡಿದರೆ 600 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೆ 3,600 ರೂಪಾಯಿ. ಹೀಟರ್‌ಗೆ 25,000 ಆದರೆ ಏಳು ವರ್ಷ!

ಡೀಲರ್ ಮುಖ ಸಪ್ಪಗಾಯಿತು. "ಏಳು ಅಂದ್ರೆ ಯಾರು ತಗೋತಾರೆ ಸ್ವಾಮಿ?" ಅಂದರು. ಕೊನೆಗೆ ಎಂಟು ಬಕೆಟ್ ಚಿತ್ರ ಬರೆದು, ಪಕ್ಕದಲ್ಲಿ "ನಿಮ್ಮ ಬಿಲ್ಲಿನ ದರ" ಅಂತ ಖಾಲಿ ಚೌಕ ಬಿಟ್ಟೆ. ಸೌದೆ ಒಲೆಯ ಮನೆಗೆ ಈ ಲೆಕ್ಕ ಒಪ್ಪದು, ಅದನ್ನೂ ಕೆಳಗೆ ಬರೆದಿದ್ದೇನೆ.