ಅಪ್‌ಡೇಟ್: ಮತ್ತೆ ಮತ್ತೆ ಬರುತ್ತಿದ್ದ ಆ ಮೆಸೇಜ್ ಕೊನೆಗೂ ತೊಲಗಿತು

ನನ್ನ ಪ್ರಶ್ನೆ: "ಎಸ್‌ಕ್ಯೂಎಸ್ ಕ್ಯೂನಲ್ಲಿ ಒಂದೇ ಆರ್ಡರ್ ಮೆಸೇಜ್ ಪ್ರತಿ 30 ಸೆಕೆಂಡಿಗೆ ವಾಪಸ್ ಬಂದು ಫೇಲ್ ಆಗ್ತಿದೆ, ನಿಲ್ಲಿಸೋದು ಹೇಗೆ?"

ಹಿಂಜವಡಿಯ ಆಫೀಸಿನಲ್ಲಿ ಮೂರು ದಿನ ಇದೇ ಗೋಳು. ಪುಣೆಯ ಗಿರಾಕಿಯೊಬ್ಬರು ಪಿನ್‌ಕೋಡನ್ನು `411 057` ಅಂತ ನಡುವೆ ಜಾಗ ಬಿಟ್ಟು ಬರೆದಿದ್ದರು. ನಮ್ಮ ಕೋಡ್ `int()` ಹತ್ತಿರ ಎಡವಿ ಬೀಳುತ್ತಿತ್ತು, ಮೆಸೇಜ್ ಡಿಲೀಟ್ ಮಾಡುವ ಸಾಲಿಗೆ ತಲುಪುತ್ತಲೇ ಇರಲಿಲ್ಲ.

ಓದಿದ ಮೆಸೇಜ್ ಮತ್ತೆ ಕಾಣಿಸೋ ಮುಂಚಿನ ಗ್ಯಾಪ್, ಅಂದ್ರೆ ವಿಸಿಬಿಲಿಟಿ ಟೈಮ್‌ಔಟ್ ಹೆಚ್ಚಿಸಿ ಅಂದಿರಲ್ಲ, ಅದರಿಂದ ಎರರ್ ನಿಧಾನವಾಗಿ ಬಂತು ಅಷ್ಟೆ. ಎರರ್ ಹಿಡಿದು ಡಿಲೀಟ್ ಮಾಡಿ ಅನ್ನೋ ಸಲಹೆ ನಾನು ಮುಟ್ಟಲಿಲ್ಲ. ಅದು ದುಡ್ಡು ಕೊಟ್ಟ ಆರ್ಡರ್ ಮಾರಾಯ್ರೆ!

ಕೆಲಸ ಮಾಡಿದ್ದು ಸೋತ ಮೆಸೇಜ್‌ಗಳನ್ನು ಪಕ್ಕಕ್ಕೆ ಎತ್ತಿಡೋ ಡೆಡ್ ಲೆಟರ್ ಕ್ಯೂ. ಮೂಲ ಕ್ಯೂಗೆ ಈ ರೀಡ್ರೈವ್ ಪಾಲಿಸಿ ಹಾಕಿದೆ:

```
{"deadLetterTargetArn":
 "arn:aws:sqs:ap-south-1:<ಖಾತೆ>:orders-dlq",
 "maxReceiveCount":"5"}
```

ಐದು ಸಲ ಸೋತ ಮೆಸೇಜ್ ತಾನಾಗಿ ಆ ಕಡೆ ಹೋಯ್ತು. ಕೋಡ್ ಸರಿಮಾಡಿ, ಕನ್ಸೋಲ್‌ನಿಂದ ರೀಡ್ರೈವ್ ಕೊಟ್ಟು ಅದನ್ನು ಮೂಲ ಕ್ಯೂಗೆ ವಾಪಸ್ ಕಳಿಸಿದೆ. ಆರ್ಡರ್ ಪಾಸಾಯ್ತು.

ನನಗೆ ಮೊದಲು ಗೊತ್ತಿಲ್ಲದೇ ಇದ್ದದ್ದು ಇದು: ಸ್ಟ್ಯಾಂಡರ್ಡ್ ಕ್ಯೂನಲ್ಲಿ ಮೆಸೇಜಿನ ವಯಸ್ಸು ಮೊದಲು ಕಳಿಸಿದ ಹೊತ್ತಿನಿಂದಲೇ ಎಣಿಕೆ, ಡೆಡ್ ಲೆಟರ್ ಕ್ಯೂಗೆ ಬಂದಾಗ ಹೊಸದಾಗಿ ಶುರುವಾಗಲ್ಲ. ಎರಡೂ ಕ್ಯೂಗಳಲ್ಲಿ ಮೆಸೇಜ್ ಉಳಿಯೋ ಅವಧಿ ಡಿಫಾಲ್ಟ್ 4 ದಿನ ಇತ್ತು, ಮೂರು ಆಗಲೇ ಕಳೆದಿತ್ತು. ಅಂದರೆ ಒಂದು ದಿನ ತಡವಾಗಿದ್ದರೆ ಆರ್ಡರ್ ಸದ್ದಿಲ್ಲದೆ ಅಳಿಸಿಹೋಗ್ತಿತ್ತು. ಈಗ ಡೆಡ್ ಲೆಟರ್ ಕ್ಯೂಗೆ 14 ದಿನ ಇಟ್ಟಿದ್ದೀನಿ, ಅಲ್ಲಿ ಒಂದು ಮೆಸೇಜ್ ಬಿದ್ದರೂ ಅಲಾರಂ ಬರುತ್ತೆ.