ಅಪ್‌ಡೇಟ್: ವಿಪಿಎನ್ ಸರಿಯಾಯ್ತು, ಮೇಲ್ ಹೀಗೆ ಬರೆದೆ

ನನ್ನ ಪ್ರಶ್ನೆ: ತೀರ್ಥಹಳ್ಳಿ ಮನೆಯಿಂದ ಶಿವಮೊಗ್ಗ ಆಫೀಸಿನ ವಿಪಿಎನ್ ಕನೆಕ್ಟ್ ಆಗ್ತಿಲ್ಲ, ಐಟಿಯವರಿಗೆ ಮೇಲ್ ಹೇಗೆ ಬರೆಯಲಿ?

ಅಪ್‌ಡೇಟ್: ನೀವೆಲ್ಲ ಹೇಳಿದ ಹಾಗೆ ಬರೆದೆ, ಅದೇ ದಿನ ಮಧ್ಯಾಹ್ನ ಸರಿಯಾಯ್ತು. ಸಬ್ಜೆಕ್ಟ್‌ನಲ್ಲೇ ಎಲ್ಲ ಹಾಕಿದ್ದೆ: "ವಿಪಿಎನ್ Error 809, ಇಂದು ಸಂಜೆ 5ರೊಳಗೆ ಬೇಕು". ಸುಮ್ನೆ "ಅರ್ಜೆಂಟ್" ಅಂತ ಬರೆಯದೆ ಕಾರಣವನ್ನೂ ಕೊಟ್ಟೆ: ಇವತ್ತು 20ನೇ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆ ದಿನ, ಲೆಕ್ಕವೆಲ್ಲ ಆಫೀಸಿನ ಸರ್ವರ್‌ನಲ್ಲಿದೆ.

ಎರರ್ ಮೆಸೇಜನ್ನು ಕಾಪಿ ಮಾಡಿ ಪೂರ್ತಿ ಹಾಕಿದೆ, ಸ್ಕ್ರೀನ್‌ಶಾಟ್ ಕೂಡ. ಆದರೆ ಜಾಸ್ತಿ ಕೆಲಸ ಮಾಡಿದ್ದು ಈ ಸಾಲುಗಳು:

"ನಿನ್ನೆ ಮನೆಯ ರೌಟರ್ ಬದಲಾಯಿಸಿದ ಮೇಲೆ ಶುರುವಾಗಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ, ಆಗಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೇ ಪಾಸ್‌ವರ್ಡ್‌ಗೆ ಕನೆಕ್ಟ್ ಆಗುತ್ತದೆ, ಆದರೆ ಇಲ್ಲಿ ಸಿಗ್ನಲ್ ನಿಲ್ಲುವುದಿಲ್ಲ."

ಹಾಟ್‌ಸ್ಪಾಟ್‌ನಲ್ಲಿ ಬರುತ್ತೆ ಅಂದರೆ ಲ್ಯಾಪ್‌ಟಾಪ್, ಪಾಸ್‌ವರ್ಡ್, ಸರ್ವರ್ ಮೂರೂ ಸರಿ ಇವೆ ಅಂತ ಅಲ್ವಾ, ಹಾಗಾಗಿ ಐಟಿಯವರು ಅವನ್ನೆಲ್ಲ ಕೇಳುತ್ತಾ ಕೂರದೆ ನೇರ ರೌಟರ್‌ಗೇ ಬಂದರು. ಅದರಲ್ಲಿ ವಿಪಿಎನ್ ಸಂಪರ್ಕವನ್ನು ದಾಟಿ ಹೋಗಲು ಬಿಡುವ ಐಪಿಸೆಕ್ ಪಾಸ್‌ಥ್ರೂ ಅನ್ನೋ ಸೆಟ್ಟಿಂಗ್ ಆಫ್ ಇತ್ತು. ನಮ್ಮ ವಿಪಿಎನ್‌ಗೆ ಬೇಕಾದ ಯುಡಿಪಿ 500, 4500 ಪೋರ್ಟ್‌ಗಳನ್ನು ರೌಟರ್ ಅಲ್ಲೇ ತಡೆಯುತ್ತಿತ್ತಂತೆ. ಫೋನಿನಲ್ಲಿ ಹೇಳಿಕೊಟ್ಟರು, ಆನ್ ಮಾಡಿದೆ, ಕನೆಕ್ಟ್ ಆಯ್ತು. ರಿಟರ್ನ್ ಕೂಡ ಹೋಯಿತು. ಹಾಟ್‌ಸ್ಪಾಟ್ ಹಾಕಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.