ಪದಚರ್ಚೆ: ಜೆಲ್ ಚರ್ಮದಲ್ಲಿ 'ಇಂಗುತ್ತದೆಯೋ', 'ಆರುತ್ತದೆಯೋ'?

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಕ್ಲಿನಿಕ್‌ಗೆ ಮದ್ದಿನ ಸೂಚನೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಈ ಸಲ ಬಂದದ್ದು ಟೆಸ್ಟೋಸ್ಟೆರಾನ್ ಜೆಲ್‌ನ ಚೀಟಿ. ಗಂಡಸರ ದೇಹದಲ್ಲಿ ಈ ಹಾರ್ಮೋನು ಕಡಿಮೆಯಾದಾಗ ದಿನಕ್ಕೊಮ್ಮೆ ಹೆಗಲಿಗೆ, ತೋಳಿಗೆ ಹಚ್ಚುವಂಥದ್ದು. ನಾನು ಹೀಗೆ ಬರೆದಿದ್ದೆ:

"ಜೆಲ್ ಚರ್ಮದಲ್ಲಿ ಇಂಗುವ ತನಕ ಕಾಯಿರಿ. ಆಮೇಲೆ ಅಂಗಿ ಹಾಕಿಕೊಳ್ಳಿ. ಬೇರೆಯವರಿಗೆ ವರ್ಗಾವಣೆ ಆಗದಂತೆ ನೋಡಿಕೊಳ್ಳಿ."

ನನ್ನ ಭಾವ ಇದೇ ಜೆಲ್ ಹಚ್ಚುತ್ತಾರೆ. ಪಿಟ್ಯುಟರಿ ಗ್ರಂಥಿಯ ಆಪರೇಷನ್ ಆದ ಮೇಲೆ ಶುರುವಾದದ್ದು. ಅವರಿಗೆ ಓದಲು ಕೊಟ್ಟೆ. "ಇಂಗಿದ ಮೇಲೆ ಮಗುವನ್ನು ಎತ್ತಿಕೊಳ್ಳಬಹುದು ಅಲ್ವಾ?" ಎಂದು ಕೇಳಿದರು. ಅಲ್ಲಿಗೆ ನನ್ನ ಕೈ ನಿಂತಿತು. ಮಗುವಿಗೆ ಈಗ ಎರಡೂವರೆ ವರ್ಷ, ಇಡೀ ದಿನ ಅಪ್ಪನ ಹೆಗಲ ಮೇಲೆಯೇ ಇರುತ್ತದೆ.

'ಇಂಗು' ಸರಿಯಾದ ಪದವೇ? 'ವರ್ಗಾವಣೆ' ಓದಿದರೆ ಸರ್ಕಾರಿ ನೌಕರಿಯ ನೆನಪಾಗುತ್ತದೆ. ಅದಕ್ಕೆ ಬದಲು ಏನು ಹೇಳಬಹುದು?

ಕುಂದಾಪುರದಿಂದ, ನಿವೃತ್ತ ಕನ್ನಡ ಮೇಷ್ಟ್ರು:

ತಂಗೀ, 'ಇಂಗು' ಒಳ್ಳೆಯ ಪದ. ಮಳೆನೀರು ನೆಲದಲ್ಲಿ ಇಂಗುವ ಹಾಗೆ ಮದ್ದು ಚರ್ಮದಲ್ಲಿ ಇಂಗುತ್ತದೆ. ಅದನ್ನು ಬಿಡಬೇಡಿ. ಒಣಗಿದ ಮೇಲೆ ಭಯವೇನೂ ಇಲ್ಲ. ಮೇಲಿನಿಂದ ಅಂಗಿಯೂ ಇರುತ್ತದಲ್ಲ! 'ವರ್ಗಾವಣೆ'ಗೆ 'ಸೋಂಕು' ಎಂದು ಹಾಕಬಹುದು.

ಮಂಗಳೂರಿನಿಂದ, ಮಕ್ಕಳ ಡಾಕ್ಟರ್:

ಮೇಷ್ಟ್ರೇ, ಅಂಗಿಯ ವಿಷಯ ನೀವು ಹೇಳಿದ್ದು ಸರಿ. ಅಂಗಿ ಹಾಕಿದರೆ ದಾಟುವುದು ತುಂಬ ಕಡಿಮೆಯಾಗುತ್ತದೆ. ಆದರೆ 'ಒಣಗಿದ ಮೇಲೆ ಭಯವಿಲ್ಲ' ಎನ್ನುವ ಕಡೆಯೇ ಮನೆಗಳು ಎಡವುವುದು.

ಜೆಲ್‌ನಲ್ಲಿ ಮದ್ದನ್ನು ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ. ಕೆಲವು ನಿಮಿಷಗಳಲ್ಲಿ ಆರಿ ಹೋಗುವುದು ಆ ಆಲ್ಕೋಹಾಲ್ ಮಾತ್ರ. ಮದ್ದು ಹೋಗುವುದಿಲ್ಲ. ಶೇಕಡಾ 1ರ ಜೆಲ್‌ನ 5 ಗ್ರಾಂ ಸ್ಯಾಶೆಯಲ್ಲಿ 50 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇರುತ್ತದೆ. ದೇಹದೊಳಗೆ ಸೇರುವುದು ಅದರ ಸುಮಾರು ಹತ್ತನೇ ಒಂದು ಪಾಲು. ಉಳಿದದ್ದರಲ್ಲಿ ಬಹುಪಾಲು ಚರ್ಮದ ಮೇಲೆಯೇ ಇರುತ್ತದೆ, ಕಣ್ಣಿಗೆ ಕಾಣದ ಹಾಗೆ.

ಗಂಧವನ್ನು ನೆನಪಿಸಿಕೊಳ್ಳಿ. ಕೃಷ್ಣಮಠದಲ್ಲಿ ಕೊಟ್ಟ ಗಂಧ ಹಣೆಯಲ್ಲಿ ಒಣಗುತ್ತದೆ, ಇಂಗುವುದಿಲ್ಲ. ಮಗು ಹಣೆಗೆ ಹಣೆ ತಾಗಿಸಿದರೆ ಅದಕ್ಕೂ ಹತ್ತುತ್ತದೆ. ಗಂಧವಾದರೆ ಕಾಣುತ್ತದೆ, ಒರೆಸುತ್ತೇವೆ. ಇದು ಕಾಣುವುದಿಲ್ಲ.

ನಾನು ನೋಡಿದ ಒಂದು ಮಗುವಿನ ಕತೆ ಹೇಳುತ್ತೇನೆ. ಮೂರೂವರೆ ವರ್ಷದ ಹುಡುಗ. ಗುಪ್ತಾಂಗದ ಬಳಿ ಕೂದಲು ಬಂದಿದೆ, ಶಿಶ್ನ ದೊಡ್ಡದಾಗಿದೆ, ಎತ್ತರ ಸರ್ರನೆ ಏರಿದೆ, ಸಿಟ್ಟು ಜಾಸ್ತಿ. ಆದರೆ ವೃಷಣಗಳು ಪುಟ್ಟ ಮಗುವಿನಷ್ಟೇ ಇವೆ. ನನಗೆ ದಾರಿ ತೋರಿಸಿದ್ದು ಅದೇ. ಮೆದುಳಿನ ಅಪ್ಪಣೆಯಿಂದ ಹರೆಯ ಬೇಗ ಬಂದಿದ್ದರೆ ವೃಷಣಗಳೂ ಬೆಳೆಯಬೇಕಿತ್ತು. ಹಾಗಾದರೆ ಹಾರ್ಮೋನು ಬೇರೆ ಕಡೆಯಿಂದ ಬರುತ್ತಿದೆ. ಅಡ್ರಿನಲ್ ಗ್ರಂಥಿಯ ಪರೀಕ್ಷೆ ಮಾಡಿಸಿದೆವು, ತೊಂದರೆ ಕಾಣಲಿಲ್ಲ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಮಾತ್ರ ಏರಿತ್ತು.

"ಮನೆಯಲ್ಲಿ ಯಾರಾದರೂ ಮದ್ದು ತೆಗೆದುಕೊಳ್ಳುತ್ತಾರಾ?" ಎಂದು ತಾಯಿಯನ್ನು ಎರಡು ಸಲ ಕೇಳಿದ್ದೆ. ಎರಡು ಸಲವೂ ಇಲ್ಲ ಎಂದರು. ಮೂರನೇ ಸಲ "ಮೈಗೆ ಏನಾದರೂ ಹಚ್ಚುತ್ತಾರಾ?" ಎಂದೆ. "ಹೌದು ಡಾಕ್ಟ್ರೇ, ಇವರು ಬೆಳಿಗ್ಗೆ ಹೆಗಲಿಗೆ ಕ್ರೀಮು ಹಚ್ಚುತ್ತಾರೆ" ಎಂದರು. ಅವರಿಗೆ ಮದ್ದು ಅಂದರೆ ನುಂಗುವಂಥದ್ದು. ನಾನು ಕೇಳಿದ ಪದವೇ ತಪ್ಪಾಗಿತ್ತು.

ತಂದೆ ಜೆಲ್ ಹಚ್ಚಿ, ಆರಿದ ಮೇಲೆ, ಸೆಕೆ ಎಂದು ಬರಿಮೈಯಲ್ಲಿ ಬೈರಾಸು ಹೆಗಲಿಗೆ ಹಾಕಿಕೊಂಡು ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಅದೇ ಬೈರಾಸಿನಲ್ಲಿ ಮಗುವಿನ ಮುಖ ಒರೆಸುತ್ತಿದ್ದರು. ಇದನ್ನು ನಿಲ್ಲಿಸಿದ ಮೇಲೆ ಮಗುವಿನ ಟೆಸ್ಟೋಸ್ಟೆರಾನ್ ಇಳಿಯಿತು. ಕೂದಲು ನಿಧಾನಕ್ಕೆ ಕಡಿಮೆಯಾಯಿತು. ಆದರೆ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಮುಂದಕ್ಕೆ ಓಡಿತ್ತು. ಓಡಿದ್ದು ಹಿಂದಕ್ಕೆ ಬರುವುದಿಲ್ಲ. ಇಂಥ ಮಕ್ಕಳನ್ನು ಕಂಡೇ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಜೆಲ್‌ಗಳ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿತು.

ಹಾಗಾಗಿ 'ಇಂಗುವ ತನಕ' ಬೇಡ, 'ಆರುವ ತನಕ' ಎನ್ನಿ. 'ಸೋಂಕು' ಖಂಡಿತ ಬೇಡ. ತಂದೆಗೆ ಅಂಟುರೋಗ ಎಂದು ಮನೆಯವರು ತಿಳಿದಾರು.

ಕಾಪುವಿನಿಂದ:

ನಾನೂ ಮಂಡಿನೋವಿಗೆ ಪ್ಯಾಚ್ ಅಂಟಿಸುತ್ತೇನೆ. ಮೊಮ್ಮಗಳು ಮಡಿಲಲ್ಲಿ ಕೂರುತ್ತಾಳೆ. ಅವಳಿಗೂ ಮೀಸೆ ಬರುತ್ತದಾ? ತುಂಬಾ ಹೆದರಿಕೆಯಾಯಿತು.

ಮಂಗಳೂರಿನಿಂದ, ಮೆಡಿಕಲ್ ಶಾಪ್ ನಡೆಸುವವರು:

ಇಲ್ಲ ಅಮ್ಮಾ, ಹೆದರಬೇಡಿ. ನಿಮ್ಮದು ನೋವಿನ ಪ್ಯಾಚ್, ಅದರಲ್ಲಿ ಈ ಹಾರ್ಮೋನು ಇಲ್ಲ. ಆದರೂ ತೆಗೆದ ಪ್ಯಾಚ್ ಮೊಮ್ಮಗಳ ಕೈಗೆ ಸಿಗುವ ಕಡೆ ಬಿಸಾಡಬೇಡಿ.

ಟೆಸ್ಟೋಸ್ಟೆರಾನ್ ಪ್ಯಾಚೂ ಇದೆ. ಅದರಲ್ಲಿ ಮದ್ದು ಹೊರಪದರದ ಅಡಿಯಲ್ಲಿ ಇರುವುದರಿಂದ ಬೇರೆಯವರಿಗೆ ತಾಗುವುದು ಜೆಲ್‌ಗಿಂತ ತುಂಬ ಕಡಿಮೆ. ರಾತ್ರಿ ಬೆನ್ನು, ಹೊಟ್ಟೆ, ತೊಡೆ ಅಥವಾ ತೋಳಿಗೆ ಅಂಟಿಸಿ ಮರುದಿನ ಅದೇ ಹೊತ್ತಿಗೆ ಬದಲಿಸಬೇಕು. ಒಮ್ಮೆ ಅಂಟಿಸಿದ ಜಾಗಕ್ಕೆ 7 ದಿನ ಬಿಡುವು ಕೊಡಬೇಕು, ಇಲ್ಲವಾದರೆ ಚರ್ಮ ಕೆಂಪಾಗಿ ತುರಿಸುತ್ತದೆ. ಅಂಟು ಕಿತ್ತು ಹಾಸಿಗೆಯಲ್ಲಿ ಬಿದ್ದು ಮಗುವಿಗೋ ಹೆಂಡತಿಗೋ ಅಂಟಿಕೊಂಡರೆ ಕೂಡಲೇ ತೆಗೆದು ಸೋಪಿನಿಂದ ತೊಳೆಯಬೇಕು. ತೆಗೆದ ಪ್ಯಾಚ್‌ನಲ್ಲಿ ಇನ್ನೂ ಮದ್ದು ಇರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ ಎಸೆಯಬೇಕು.

ಇನ್ನೊಂದು ಪದ. ಚೀಟಿಯಲ್ಲಿ 'ತಿಕ್ಕಿ' ಎಂದು ಬರೆಯಬೇಡಿ. ಎಣ್ಣೆ ಸ್ನಾನದ ಹಾಗೆ ತಿಕ್ಕುತ್ತಾರೆ, ಹೆಂಡತಿಯನ್ನು ಕರೆದು ತಿಕ್ಕಿಸುವವರೂ ಇದ್ದಾರೆ. ಅವರ ಅಂಗೈಗೆ ನೇರವಾಗಿ ಮದ್ದು ಹಚ್ಚಿದಂತೆ ಆಗುತ್ತದೆ. ಹೆಂಗಸರಿಗೆ ಮೊಡವೆ, ಗಲ್ಲದಲ್ಲಿ ಕೂದಲು ಶುರುವಾಗಬಹುದು. ಬಸುರಿಯಾಗಿದ್ದರೆ ಹೊಟ್ಟೆಯಲ್ಲಿರುವ ಹೆಣ್ಣುಮಗುವಿಗೆ ತೊಂದರೆ. 'ತೆಳ್ಳಗೆ ನೀವೇ ಸವರಿಕೊಳ್ಳಿ' ಎಂದು ಬರೆಯಿರಿ.

ಪ್ರಶ್ನೆ ಕೇಳಿದವಳಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆಯೇ ಅಕ್ಕನಿಗೆ ಫೋನ್ ಮಾಡಿದೆ. ಮಗುವಿನಲ್ಲಿ ಅಂಥ ಬದಲಾವಣೆ ಏನೂ ಇಲ್ಲವಂತೆ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸುತ್ತಾರೆ. ಭಾವನ ಬೈರಾಸು ಈಗ ಬೇರೆ ಹಗ್ಗದಲ್ಲಿ ಒಣಗುತ್ತಿದೆ.

ಭಾವನ ದಿನಚರಿಗೆ ಹೊಂದಿಸಿ ಚೀಟಿಯನ್ನು ಹೀಗೆ ತಿದ್ದಿದ್ದೇನೆ:

"ಬೆಳಿಗ್ಗೆ ಸ್ನಾನ ಮಾಡಿ ಮೈ ಒರೆಸಿದ ಮೇಲೆ ಜೆಲ್ಲನ್ನು ನೀವೇ ತೆಳ್ಳಗೆ ಸವರಿಕೊಳ್ಳಿ. ಗುಪ್ತಾಂಗಕ್ಕೆ ಹಚ್ಚಬೇಡಿ. ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಆರುವ ತನಕ ಬೆಂಕಿಯ ಹತ್ತಿರ ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಆರಿದ ಮೇಲೆ ತೋಳು ಮುಚ್ಚುವ ಅಂಗಿ ಹಾಕಿ. ಆರಿದರೂ ಮದ್ದು ಚರ್ಮದ ಮೇಲೆ ಇರುತ್ತದೆ. ಸಂಜೆ ಮಗುವನ್ನು ಎತ್ತುವ ಮೊದಲು, ಹೆಂಡತಿಯ ಹತ್ತಿರ ಮಲಗುವ ಮೊದಲು, ಹಚ್ಚಿದ ಜಾಗವನ್ನು ಸೋಪು ಹಾಕಿ ತೊಳೆಯಿರಿ. ಅವರ ಮೈಗೆ ತಾಗಿದರೆ ಅವರ ಮೈಯನ್ನೂ ಕೂಡಲೇ ತೊಳೆಯಿರಿ."

ಹಚ್ಚಿ ಎಷ್ಟು ಹೊತ್ತಾದ ಮೇಲೆ ತೊಳೆಯಬಹುದು ಎನ್ನುವುದಕ್ಕೆ ಖಾಲಿ ಜಾಗ ಬಿಟ್ಟಿದ್ದೇನೆ. ಒಂದು ಜೆಲ್‌ಗೆ 2 ಗಂಟೆ, ಇನ್ನೊಂದಕ್ಕೆ 5 ಗಂಟೆ ಎಂದಿದೆ. ಅದನ್ನು ಡಾಕ್ಟರೇ ತುಂಬಲಿ.

'ವರ್ಗಾವಣೆ' ತೆಗೆದು 'ತಾಗು' ಹಾಕಿದ್ದೇನೆ. ಆದರೆ ಮೇಷ್ಟ್ರು ಫೋನಿನಲ್ಲಿ ಒಪ್ಪಲಿಲ್ಲ. ಬೈರಾಸಿನ ಮೂಲಕ ಹೋಗುವುದು 'ತಾಗು' ಎಂಬುದರೊಳಗೆ ಬರುವುದಿಲ್ಲ, 'ದಾಟು' ಬೇಕು ಎನ್ನುತ್ತಾರೆ. ಅದರಲ್ಲಿ ಅರ್ಥವಿದೆ ಎಂದು ನನಗೂ ಅನಿಸುತ್ತಿದೆ. ಮೇಲ್ತೋಳಿಗೆ 'ರಟ್ಟೆ' ಎಂದರೆ ಬೈಂದೂರಿನಿಂದ ಸುಳ್ಯದವರೆಗೂ ಎಲ್ಲರಿಗೂ ತಿಳಿಯುತ್ತದೆಯೇ? ಗೊತ್ತಿದ್ದವರು ಬರೆಯಿರಿ. ಚೀಟಿ ಸೋಮವಾರ ಅಚ್ಚಿಗೆ ಹೋಗುತ್ತದೆ.